ತೆರಿಗೆಯ ಬಾಕಿಗೆ ಕಂತು ಕೇಳುವ ಬಗೆ



ತೆರಿಗೆಯ ಬೇಡಿಕೆ ನೋಟೀಸು ಮನೆಗೆ ಬಂದಾಗ ಅನೇಕ ಕುಟುಂಬಗಳು ಎರಡು ದಾರಿಗಳಲ್ಲಿ ಒಂದನ್ನು ಹಿಡಿಯುತ್ತವೆ. ಒಂದು, ಸಿಕ್ಕಿದ ಬಡ್ಡಿಗೆ ಸಾಲ ತಂದು ಒಮ್ಮೆಲೇ ಕಟ್ಟಿಬಿಡುವುದು. ಇನ್ನೊಂದು, ಕಾಗದವನ್ನು ಕಪಾಟಿನಲ್ಲಿಟ್ಟು ಸುಮ್ಮನಿರುವುದು. ಇವೆರಡರ ನಡುವೆ ಕಾಯಿದೆಯೇ ತೆರೆದಿಟ್ಟ ಮೂರನೆಯ ದಾರಿಯೊಂದಿದೆ. ಬೇಡಿಕೆಯ ಮೊತ್ತ ಸರಿಯಾದುದೇ, ಕಟ್ಟಬೇಕಾದುದೇ, ಆದರೆ ಇಂದು ಕೈಯಲ್ಲಿ ಅಷ್ಟು ಹಣವಿಲ್ಲ ಎನ್ನುವವರು ಕಂತುಗಳಲ್ಲಿ ಕಟ್ಟಲು ಅನುಮತಿ ಕೇಳಬಹುದು. ಅದನ್ನು ಯಾವಾಗ ಕೇಳಬೇಕು, ಏನನ್ನು ತೋರಿಸಿ ಕೇಳಬೇಕು ಎಂಬುದನ್ನು ಈ ಸಂಚಿಕೆಯಲ್ಲಿ ವಿವರಿಸುತ್ತೇವೆ.

ಮೊದಲು ಕಾಲದ ಮಾತು. 1961ರ ಆದಾಯ ತೆರಿಗೆ ಕಾಯಿದೆಯ 220ನೆಯ ಕಲಮಿನಂತೆ, ಬೇಡಿಕೆ ನೋಟೀಸು ಕೈಸೇರಿದ 30 ದಿನಗಳೊಳಗೆ ಹಣ ಕಟ್ಟಬೇಕು. ಕಂತಿನ ಅವಕಾಶವೂ ಅದೇ ಕಲಮಿನ ಮೂರನೆಯ ಉಪಕಲಮಿನಲ್ಲಿದೆ. ಆದರೆ ಅರ್ಜಿಯು ಆ 30 ದಿನಗಳು ಮುಗಿಯುವ ಮೊದಲೇ ಅಧಿಕಾರಿಯ ಕೈಸೇರಿರಬೇಕೆಂಬ ನಿಬಂಧನೆಯೂ ಅದರಲ್ಲಿಯೇ ಇದೆ. ಮೂವತ್ತೊಂದನೆಯ ದಿನ ಬೆಳಗಾಗುವ ಹೊತ್ತಿಗೆ ತೆರಿಗೆದಾರನು ಕಾಯಿದೆಯ ಕಣ್ಣಿನಲ್ಲಿ ಬಾಕಿದಾರನಾಗಿರುತ್ತಾನೆ. ಆಮೇಲೆ ಕೇಳಿದರೆ ಅಧಿಕಾರಿಯು ದಯೆ ತೋರಬಾರದೆಂದೇನಿಲ್ಲ. ಆದರೆ ಅಷ್ಟರಲ್ಲಿ ಬ್ಯಾಂಕಿನ ಖಾತೆಯನ್ನು ಜಪ್ತಿ ಮಾಡುವ ಅಧಿಕಾರವೂ, ಬಾಕಿ ಮೊತ್ತದಷ್ಟರವರೆಗೆ ದಂಡ ಹಾಕುವ ಅಧಿಕಾರವೂ ಅವರಿಗೆ ಬಂದಿರುತ್ತವೆ. ಇಂದು ನೋಟೀಸು ಹೆಚ್ಚಾಗಿ ಅಂಚೆಯಲ್ಲಿ ಬರುವುದಿಲ್ಲ. ಇಲಾಖೆಯ ಜಾಲತಾಣದ ಖಾತೆಗೂ ಮಿಂಚಂಚೆಗೂ ಬರುತ್ತದೆ. ಆ ಮಿಂಚಂಚೆ ಲೆಕ್ಕಪರಿಶೋಧಕರದೋ, ಊರು ಬಿಟ್ಟು ನೌಕರಿಗೆ ಹೋದ ಮಗನದೋ ಆಗಿದ್ದರೆ, ಮನೆಯವರಿಗೆ ಸುದ್ದಿ ತಿಳಿಯುವಷ್ಟರಲ್ಲಿ ಹದಿನೈದು ದಿನ ಕಳೆದಿರುವುದುಂಟು.

2025ರಲ್ಲಿ ಹೊಸ ಆದಾಯ ತೆರಿಗೆ ಕಾಯಿದೆಯನ್ನು ಮಾಡಲಾಗಿದ್ದು, ಅದು ಅನ್ವಯವಾಗುವುದು 2026ರ ಏಪ್ರಿಲ್ 1ರಿಂದ ಆರಂಭವಾಗುವ ವರ್ಷಗಳಿಗೆ. ಅದಕ್ಕೆ ಹಿಂದಿನ ವರ್ಷಗಳ ಆದಾಯದ ಮೇಲೆ ಬಂದ ಬೇಡಿಕೆಗಳು 1961ರ ಕಾಯಿದೆಯಂತೆಯೇ ನಡೆಯುತ್ತವೆ. ಆದ್ದರಿಂದ ನಾವು ಇಲ್ಲಿ ಹೇಳುವುದು ಆ ಕಾಯಿದೆಯನ್ನು ಅನುಸರಿಸಿಯೇ.

ವಿಷಯವು ಸ್ಪಷ್ಟವಾಗಲೆಂದು ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳೋಣ. ಹಾವೇರಿ ಜಿಲ್ಲೆಯ ಒಂದು ಪಟ್ಟಣದಲ್ಲಿ ಬಿತ್ತನೆ ಬೀಜ ಮತ್ತು ಗೊಬ್ಬರದ ಅಂಗಡಿ ನಡೆಸುವ ಯಜಮಾನರು 2021ರಲ್ಲಿ ಪಿತ್ರಾರ್ಜಿತವಾದ ಒಂದೂವರೆ ಎಕರೆ ಹೊಲವನ್ನು 22 ಲಕ್ಷ ರೂಪಾಯಿಗೆ ಮಾರಿದರು. ಕೃಷಿ ಭೂಮಿಗೆ ತೆರಿಗೆಯಿಲ್ಲವೆಂಬ ನಂಬಿಕೆಯಿಂದ ಅದನ್ನು ಆದಾಯದ ಲೆಕ್ಕದಲ್ಲಿ ತೋರಿಸಲಿಲ್ಲ. ಆದರೆ ಒಂದು ಲಕ್ಷದಿಂದ ಹತ್ತು ಲಕ್ಷದವರೆಗೆ ಜನಸಂಖ್ಯೆಯಿರುವ ನಗರಸಭೆಯ ಎಲ್ಲೆಯಿಂದ ಆರು ಕಿಲೋಮೀಟರಿನೊಳಗಿನ ಹೊಲಕ್ಕೆ ಆ ವಿನಾಯಿತಿ ಅನ್ವಯಿಸುವುದಿಲ್ಲ. ಇವರ ಹೊಲವಾದರೋ ಮೂರೇ ಕಿಲೋಮೀಟರು ದೂರದಲ್ಲಿತ್ತು. ಪರಿಶೀಲನೆ ನಡೆದು, ಅವಧಿಯ ಕೊನೆಯ ದಿನವಾದ 2024ರ ಮಾರ್ಚ್ 31ರಂದು ಆದೇಶವೂ ಬೇಡಿಕೆ ನೋಟೀಸೂ ಬಂದವು. ತೆರಿಗೆ ಮತ್ತು ಅದರ ಮೇಲಿನ ಬಡ್ಡಿ ಸೇರಿ 4,20,000 ರೂಪಾಯಿ. ಕಟ್ಟಲು ಕೊನೆಯ ದಿನ ಏಪ್ರಿಲ್ 30.

ಇಂತಹ ಸ್ಥಿತಿಯಲ್ಲಿ ಮೊದಲು ನೋಡಬೇಕಾದುದು ಬೇಡಿಕೆ ಸರಿಯೇ ಎಂಬುದನ್ನು. ಮುಂಗಡ ಕಟ್ಟಿದ ತೆರಿಗೆಯನ್ನು ಲೆಕ್ಕಕ್ಕೆ ಹಿಡಿಯದೆ ಬಿಟ್ಟಿದ್ದರೆ ತಿದ್ದುಪಡಿಯ ಅರ್ಜಿ ಕೊಡಬೇಕು. ಆದೇಶವೇ ತಪ್ಪೆನಿಸಿದರೆ ಮೇಲ್ಮನವಿ ಸಲ್ಲಿಸಿ, ಅದು ತೀರುವವರೆಗೆ ವಸೂಲಿಗೆ ತಡೆ ಕೇಳಬೇಕು. ಆ ತಡೆಯ ದಾರಿಯೇ ಬೇರೆ; ಕೇಂದ್ರ ನೇರ ತೆರಿಗೆ ಮಂಡಳಿಯು 2017ರ ಜುಲೈನಲ್ಲಿ ಹೊರಡಿಸಿದ ಸೂಚನೆಯಂತೆ ಅಲ್ಲಿ ಸಾಮಾನ್ಯವಾಗಿ ಬೇಡಿಕೆಯ ನೂರಕ್ಕೆ 20ರಷ್ಟನ್ನು ಮೊದಲು ಕಟ್ಟಬೇಕಾಗುತ್ತದೆ. ನಮ್ಮ ಉದಾಹರಣೆಯ ಯಜಮಾನರಿಗೆ ದೂರದ ಅಳತೆಯಲ್ಲಿ ವಿವಾದವಿಲ್ಲ. ಆದ್ದರಿಂದ ಅವರದು ಕಂತಿನ ದಾರಿ.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳದಿರಲಾಗದು. ಆದಾಯವನ್ನು ಕಡಿಮೆ ತೋರಿಸಿದುದಕ್ಕಾಗಿ ಪ್ರತ್ಯೇಕ ದಂಡದ ಕ್ರಮವೂ ಬರಬಹುದು. ಆ ದಂಡದಿಂದ ಮುಕ್ತಿ ಕೇಳಲು 270ಎಎ ಕಲಮಿನಲ್ಲಿ ಅವಕಾಶವಿದೆ. ಮೇಲ್ಮನವಿ ಹೋಗದೆ, ನೋಟೀಸಿನಲ್ಲಿ ಹೇಳಿದ ಅವಧಿಯೊಳಗೆ ತೆರಿಗೆ ಮತ್ತು ಬಡ್ಡಿಯನ್ನು ಪೂರ್ತಿ ಕಟ್ಟಿರಬೇಕೆಂಬುದು ಅದರ ನಿಬಂಧನೆ. ಕಂತು ಕೇಳಿದವರಿಗೆ ಆ ಮುಕ್ತಿ ಕೈತಪ್ಪುವ ಸಂಭವವಿದೆ. ಆದುದರಿಂದ ದಂಡದ ಮಾತು ಆದೇಶದಲ್ಲಿದ್ದರೆ, ಕಂತಿನ ಅರ್ಜಿಗೆ ಕೈಹಾಕುವ ಮೊದಲು ಲೆಕ್ಕಪರಿಶೋಧಕರೊಡನೆ ಕುಳಿತು ಎರಡನ್ನೂ ತೂಗಿ ನೋಡತಕ್ಕದ್ದು. ಕೆಲವೊಮ್ಮೆ ಸಾಲ ಮಾಡಿ ಒಮ್ಮೆಲೇ ಕಟ್ಟುವುದೇ ಅಗ್ಗವಾದೀತು.

ಈಗ ಅರ್ಜಿಯ ತಿರುಳಿಗೆ ಬರೋಣ. ಅರ್ಜಿ ಓದುವ ಅಧಿಕಾರಿಯ ಮನಸ್ಸಿನಲ್ಲಿ ಏಳುವ ಮೊದಲ ಪ್ರಶ್ನೆ: ಇಪ್ಪತ್ತೆರಡು ಲಕ್ಷ ಬಂದಿತ್ತಲ್ಲ, ಅದು ಎಲ್ಲಿ ಹೋಯಿತು? ಬಹುಮಂದಿ ಈ ಪ್ರಶ್ನೆಯನ್ನು ದಾಟಿಕೊಂಡು ಹೋಗಲು ನೋಡುತ್ತಾರೆ. ವ್ಯಾಪಾರ ಕುಂದಿದೆ, ಕುಟುಂಬ ದೊಡ್ಡದು, ದಯಮಾಡಿ ಕಾಲಾವಕಾಶ ಕೊಡಬೇಕು ಎಂದಷ್ಟೇ ಬರೆಯುತ್ತಾರೆ. ಇಂತಹ ಪತ್ರದಿಂದ ಅಧಿಕಾರಿಗೆ ಏನೂ ತಿಳಿಯುವುದಿಲ್ಲ. ಉತ್ತರವೂ ಹಾಗೆಯೇ ಬರುತ್ತದೆ. ನಮ್ಮ ಯಜಮಾನರು ಬರೆಯಬೇಕಾದುದು ಹೀಗೆ: ಮಗಳ ಮದುವೆಗೆ 9 ಲಕ್ಷ, ಮನೆಯ ದುರಸ್ತಿಗೆ 6 ಲಕ್ಷ, ಅಂಗಡಿಯ ಹಳೆಯ ಸಾಲಕ್ಕೆ 4 ಲಕ್ಷ, ಅಂಗಡಿಯ ಸರಕಿಗೆ 3 ಲಕ್ಷ. ಪ್ರತಿಯೊಂದಕ್ಕೂ ಬ್ಯಾಂಕಿನ ಪಾಸುಪುಸ್ತಕದ ಪುಟವನ್ನೋ, ರಸೀತಿಯನ್ನೋ ಲಗತ್ತಿಸಬೇಕು. ಮದುವೆಗೆ ಹೆಚ್ಚು ಖರ್ಚಾಯಿತೆಂದು ಅಧಿಕಾರಿ ಅಂದುಕೊಂಡರೂ ಚಿಂತೆಯಿಲ್ಲ. ಹಣವನ್ನು ಬಚ್ಚಿಟ್ಟಿಲ್ಲವೆಂಬುದು ಅವರಿಗೆ ಖಚಿತವಾಗುತ್ತದೆ.

ಎರಡನೆಯ ಪ್ರಶ್ನೆ: ಈಗ ಕೈಯಲ್ಲಿ ಏನಿದೆ? ಇಲ್ಲಿ ಇರುವುದೆಲ್ಲವನ್ನೂ ಹೇಳಬೇಕು. ಏಪ್ರಿಲ್ 15ರಂದು ಬ್ಯಾಂಕಿನಲ್ಲಿಯೂ ಅಂಗಡಿಯ ಗಲ್ಲದಲ್ಲಿಯೂ ಸೇರಿ 1,10,000 ರೂಪಾಯಿ. ಸಹಕಾರಿ ಸಂಘದಲ್ಲಿ 1,00,000 ರೂಪಾಯಿಯ ಠೇವಣಿ. ಮನೆಯವರ ಬಂಗಾರ 120 ಗ್ರಾಂ, ಅದರಲ್ಲಿ 50 ಗ್ರಾಂ ಬ್ಯಾಂಕಿನಲ್ಲಿ ಒತ್ತೆ. ರೈತರಿಂದ ಬರಬೇಕಾದ ಹಳೆಯ ಉದ್ರಿ 1,10,000, ಅದರಲ್ಲಿ ಬರದ ಕಾರಣ 40,000 ಬರುವ ಭರವಸೆಯಿಲ್ಲ. ಠೇವಣಿಯನ್ನು ಹೇಳದೆ ಬಿಟ್ಟರೆ ಯಾರಿಗೆ ತಿಳಿದೀತು ಎಂದುಕೊಳ್ಳುವುದು ಅವಿವೇಕ. ಬ್ಯಾಂಕುಗಳೂ ಸಹಕಾರಿ ಸಂಸ್ಥೆಗಳೂ ಕೊಡುವ ವರದಿಗಳಿಂದ ಠೇವಣಿಯ ಬಡ್ಡಿಯ ವಿವರ ಇಲಾಖೆಯ ವಾರ್ಷಿಕ ಮಾಹಿತಿ ಪಟ್ಟಿಯಲ್ಲಿ ಬಂದಿರುತ್ತದೆ. ಬಿಟ್ಟುಹೋದ ಒಂದು ಠೇವಣಿ ಅಲ್ಲಿ ಕಂಡಿತೆಂದರೆ, ಪತ್ರದ ಉಳಿದೆಲ್ಲ ಸತ್ಯಕ್ಕೂ ಬೆಲೆಯಿಲ್ಲದಂತಾಗುತ್ತದೆ.

ಇದ್ದುದನ್ನು ಹೇಳುವುದೆಂದರೆ ಇದ್ದುದೆಲ್ಲವನ್ನೂ ಕೊಟ್ಟುಬಿಡುವುದೆಂದಲ್ಲ. ಯಾವುದನ್ನು ಏಕೆ ಉಳಿಸಿಕೊಳ್ಳಬೇಕಾಗಿದೆ ಎಂಬುದನ್ನು ಪಕ್ಕದಲ್ಲಿಯೇ ಬರೆಯಬೇಕು. ಕೈಯಲ್ಲಿರುವ ಹಣ ಮತ್ತು ಠೇವಣಿ ಸೇರಿ 2,10,000. ಜುಲೈನಲ್ಲಿ ಮಗನ ಕಾಲೇಜಿನ ಶುಲ್ಕ 70,000. ಮೇ ತಿಂಗಳಿನಲ್ಲಿ ಬೀಜದ ಕಂಪನಿಗೆ ಕಟ್ಟಬೇಕಾದ ಮುಂಗಡ 60,000. ಮುಂಗಾರಿಗೆ ಬೀಜ ತರದಿದ್ದರೆ ಆ ವರ್ಷದ ವ್ಯಾಪಾರವೇ ಇಲ್ಲ; ವ್ಯಾಪಾರವಿಲ್ಲದಿದ್ದರೆ ಕಂತೂ ಇಲ್ಲ. ಇವೆರಡನ್ನು ಕಳೆದರೆ ಉಳಿಯುವುದು 80,000. ಇದನ್ನು ಏಪ್ರಿಲ್ 30ರೊಳಗೆ ಕಟ್ಟಿ, ಅದರ ಚಲನನ್ನು ಅರ್ಜಿಯ ಜೊತೆಗೇ ಇಟ್ಟರೆ ಮಾತಿಗೆ ತೂಕ ಬರುತ್ತದೆ. ಹಳೆಯ ಉದ್ರಿಯಲ್ಲಿ ಬಂದಷ್ಟು ಹಣವು ಮುಂಗಾರಿನ ಉಳಿದ ಸರಕಿಗೆ ಹೋಗುತ್ತದೆಂದೂ ಬರೆಯಬೇಕು. ಒತ್ತೆಯಿಡದ 70 ಗ್ರಾಂ ಬಂಗಾರವನ್ನು ಕುರಿತು ಅಧಿಕಾರಿ ಕೇಳಿಯೇ ಕೇಳುತ್ತಾರೆ. ಅದು ಕಂತು ತಪ್ಪುವ ಪ್ರಸಂಗ ಬಂದರೆ ಒತ್ತೆಯಿಡಲೆಂದು ಉಳಿಸಿಕೊಂಡ ಆಧಾರವೆಂದು ತಾವಾಗಿಯೇ ತಿಳಿಸುವುದು ಲೇಸು.

ಮೂರನೆಯ ಪ್ರಶ್ನೆಯೇ ಎಲ್ಲಕ್ಕಿಂತ ದೊಡ್ಡದು: ತಿಂಗಳಿಗೆ ಎಷ್ಟು ಕಟ್ಟಬಲ್ಲಿರಿ? ಬೀಜ-ಗೊಬ್ಬರದ ಅಂಗಡಿಯಲ್ಲಿ ಹಣವು ತಿಂಗಳಿಗೊಮ್ಮೆ ಸಮನಾಗಿ ಬರುವುದಿಲ್ಲ. ಜೂನಿನಲ್ಲಿ ಉದ್ರಿ ಕೊಟ್ಟರೆ ಗೋವಿನಜೋಳ, ಹತ್ತಿ ಮಾರಾಟವಾಗಿ ನವೆಂಬರ್, ಡಿಸೆಂಬರಿನಲ್ಲಿ ರೈತರಿಂದ ಹಣ ಬರುತ್ತದೆ. ಮೇ ತಿಂಗಳಿನಿಂದ ಅಕ್ಟೋಬರಿನವರೆಗೆ ಸರಕಿನ ಹಣ ಕೊಟ್ಟ ಮೇಲೆ ತಿಂಗಳಿಗೆ ಸುಮಾರು 66,000 ಉಳಿಯುತ್ತದೆಂದು ಇಟ್ಟುಕೊಳ್ಳೋಣ. ಮನೆಯ ಖರ್ಚು 22,000, ಬ್ಯಾಂಕಿನ ಬಡ್ಡಿ 6,000, ಅಂಗಡಿಯ ಬಾಡಿಗೆ ಮತ್ತು ಆಳಿನ ಸಂಬಳ 14,000 ಕಳೆದರೆ 24,000. ಇದರಲ್ಲಿ 20,000 ಕಟ್ಟುವೆನೆಂದು ಹೇಳಬಹುದು, 24,000ವನ್ನೂ ಹೇಳಬಾರದು.

ಸುಗ್ಗಿಯ ಹಣವನ್ನು ಅಂದಾಜು ಮಾಡುವಾಗ ಎಲ್ಲರ ಕೈಯೂ ಉದಾರವಾಗುತ್ತದೆ. 2022ರ ನವೆಂಬರ್, ಡಿಸೆಂಬರಿನಲ್ಲಿ ಈ ಅಂಗಡಿಗೆ ಉದ್ರಿಯಿಂದ 3,60,000 ಬಂದಿತ್ತು. 2023ರಲ್ಲಿ ಮಳೆ ಕೈಕೊಟ್ಟು, ರಾಜ್ಯದ 236 ತಾಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸರಕಾರವು ಘೋಷಿಸಬೇಕಾಯಿತು. ಆ ವರ್ಷ ಅದೇ ಎರಡು ತಿಂಗಳುಗಳಲ್ಲಿ ಬಂದುದು 2,60,000. ಲೆಕ್ಕ ಹಿಡಿಯಬೇಕಾದುದು ಬರಗಾಲದ ವರ್ಷದ ಅಂಕಿಯನ್ನು. ಅದಕ್ಕೆ ಎರಡು ತಿಂಗಳುಗಳ ಉಳಿತಾಯ 48,000 ಕೂಡಿಸಿ, ಗೊಬ್ಬರದ ಕಂಪನಿಗೆ ಕೊಡಬೇಕಾದ 80,000 ಕಳೆದರೆ 2,28,000 ಆಗುತ್ತದೆ. ಹೀಗೆ ಯೋಜನೆ ತಾನಾಗಿಯೇ ರೂಪುಗೊಳ್ಳುತ್ತದೆ: ಈಗ 80,000, ಮೇಯಿಂದ ಅಕ್ಟೋಬರಿನವರೆಗೆ ತಿಂಗಳಿಗೆ 20,000ದಂತೆ ಆರು ಕಂತು, ನವೆಂಬರ್ ಮತ್ತು ಡಿಸೆಂಬರಿನಲ್ಲಿ ತಲಾ 1,10,000. ಒಟ್ಟು 4,20,000. ಆರ್ಥಿಕ ವರ್ಷ ಮುಗಿಯುವ ಮೊದಲೇ ಬಾಕಿ ತೀರುತ್ತದೆ. ವಸೂಲಿಯನ್ನು ಮಾರ್ಚ್ ಕೊನೆಗೆ ಲೆಕ್ಕ ಒಪ್ಪಿಸಬೇಕಾದ ಅಧಿಕಾರಿಗೂ ಇದು ಒಪ್ಪುವ ಮಾತು.

ಕಡಿಮೆ ಅಂಕಿಯನ್ನು ಹಿಡಿಯಬೇಕೆನ್ನಲು ಬಲವಾದ ಕಾರಣವಿದೆ. ಅದೇ 220ನೆಯ ಕಲಮಿನ ಐದನೆಯ ಉಪಕಲಮಿನಂತೆ ಒಂದು ಕಂತು ತಪ್ಪಿದರೆ, ಆ ಕಂತಿನ ಮಟ್ಟಿಗೆ ಮಾತ್ರವಲ್ಲ, ಆಗ ಉಳಿದಿರುವ ಪೂರ್ತಿ ಮೊತ್ತಕ್ಕೂ ತೆರಿಗೆದಾರನು ಬಾಕಿದಾರನಾಗುತ್ತಾನೆ. ಮುಂದಿನ ಕಂತುಗಳೆಲ್ಲ ಅಂದೇ ಸಂದಾಯವಾಗಬೇಕಾಗಿದ್ದವೆಂದು ಎಣಿಸಲಾಗುತ್ತದೆ. ಅಧಿಕಾರಿಯನ್ನು ಮೆಚ್ಚಿಸಲು ಆರು ಸಮಾನ ಕಂತುಗಳಿಗೆ ಒಪ್ಪಿಕೊಂಡಿದ್ದರೆ ತಿಂಗಳಿಗೆ 56,000ಕ್ಕೂ ಮೇಲೆ ಬೀಳುತ್ತಿತ್ತು. ಮೇ ತಿಂಗಳ ಕಂತಿಗೇ ಬೀಜದ ಮುಂಗಡಕ್ಕೆ ಕೈಹಾಕಬೇಕಾಗುತ್ತಿತ್ತು. ಅಲ್ಲಿಂದ ಮುಂದೆ ಅಂಗಡಿಯ ಖಾತೆ ಜಪ್ತಿಯಾಗುವ ಭಯ ಬಿತ್ತನೆಯ ಕಾಲದಲ್ಲಿಯೇ ಎದುರಾಗುತ್ತಿತ್ತು. ಉಳಿಸಿಕೊಳ್ಳಲಾಗದ ಮಾತು ಕೊಡುವುದಕ್ಕಿಂತ ಸಣ್ಣ ಮಾತು ಕೊಟ್ಟು ನಡೆಸುವುದು ಇಲ್ಲಿ ನೀತಿಯೂ ಹೌದು, ಜಾಣತನವೂ ಹೌದು.

ಬಡ್ಡಿಯ ಮಾತೂ ಇದೆ. ಕಂತಿಗೆ ಅನುಮತಿ ಸಿಕ್ಕಿತೆಂದು ಬಡ್ಡಿ ನಿಲ್ಲುವುದಿಲ್ಲ. ಕೊನೆಯ ದಿನದ ಮರುದಿನದಿಂದ, ಉಳಿದ ಮೊತ್ತದ ಮೇಲೆ ತಿಂಗಳಿಗೆ ಅಥವಾ ತಿಂಗಳ ಭಾಗಕ್ಕೆ ನೂರಕ್ಕೆ ಒಂದು ರೂಪಾಯಿ ಸರಳ ಬಡ್ಡಿ ಬೀಳುತ್ತದೆ. ನಮ್ಮ ಉದಾಹರಣೆಯಲ್ಲಿ ಮೇ ತಿಂಗಳಿಗೆ 3,40,000ದ ಮೇಲೆ 3,400, ಜೂನಿಗೆ 3,200. ಹೀಗೆ ಇಳಿಯುತ್ತ ಡಿಸೆಂಬರಿಗೆ 1,100. ಎಂಟು ತಿಂಗಳಿಗೆ ಒಟ್ಟು 20,700. ಪ್ರತಿ ತಿಂಗಳೂ ಕಂತಿನ ಆಚೆಗೆ ಉಳಿಸಿದ 4,000 ಆರು ತಿಂಗಳಿಗೆ 24,000 ಆಗುತ್ತದಾದ್ದರಿಂದ ಇದಕ್ಕೆ ಸಾಕಾಗುತ್ತದೆ. ಭಾಗ ತಿಂಗಳನ್ನೂ ಪೂರ್ತಿ ತಿಂಗಳೆಂದು ಎಣಿಸುವುದರಿಂದ, ಇಲ್ಲಿ 10ನೆಯ ತಾರೀಖಿಗೆ ಕಟ್ಟಿದರೂ 25ಕ್ಕೆ ಕಟ್ಟಿದರೂ ಬಡ್ಡಿ ಅಷ್ಟೇ. ಆದುದರಿಂದ ಕಂತಿನ ದಿನವನ್ನು 25 ಎಂದು ಕೇಳಬಹುದು. ಮುಂದಿನ ತಿಂಗಳಿನ ಒಂದನೆಯ ತಾರೀಖಿಗೆ ಮಾತ್ರ ಜಾರಗೊಡಬಾರದು. ವರ್ಷಕ್ಕೆ ಇದು ನೂರಕ್ಕೆ 12ರಂತಾಗುವುದರಿಂದ, ಬ್ಯಾಂಕಿನಲ್ಲಿ ಬಂಗಾರದ ಮೇಲೆ ಅದಕ್ಕಿಂತ ಕಡಿಮೆ ಬಡ್ಡಿಗೆ ಸಾಲ ದೊರೆಯುವವರು ಆ ದಾರಿಯನ್ನೂ ಹೋಲಿಸಿ ನೋಡಬೇಕು. ಬಂಧುಗಳಿಂದ ಕೈಗಡ ತರುವುದಾದರೆ 20,000 ರೂಪಾಯಿ ಅಥವಾ ಅದಕ್ಕೂ ಮೇಲಿನ ಮೊತ್ತವನ್ನು ನಗದಾಗಿ ತರಕೂಡದು. ಬ್ಯಾಂಕಿನ ಮೂಲಕವೇ ತರಬೇಕು. ಇಲ್ಲವಾದರೆ ತಂದಷ್ಟೇ ಮೊತ್ತದ ದಂಡಕ್ಕೆ ಎಡೆಯಾದೀತು.

ಅರ್ಜಿಯನ್ನು ತಮ್ಮ ವ್ಯಾಪ್ತಿಯ ಕರನಿರ್ಧಾರಣಾಧಿಕಾರಿಗೆ ಕೊಡಬೇಕು. ಆದೇಶವು ಮುಖಾಮುಖಿಯಿಲ್ಲದ ಪರಿಶೀಲನೆಯಿಂದ ಬಂದಿದ್ದರೂ, ಅದು ಮುಗಿದ ಮೇಲೆ ಕಡತವು ಈ ಅಧಿಕಾರಿಗೇ ಬಂದು ಸೇರುತ್ತದೆ. ಕಚೇರಿಯಲ್ಲಿ ಕೊಟ್ಟು, ನಕಲಿನ ಮೇಲೆ ತಾರೀಖಿನ ಸಹಿತ ಮೊಹರು ಹಾಕಿಸಿಕೊಳ್ಳಬೇಕು. ಪತ್ರ ಉದ್ದವಾಗಬೇಕಿಲ್ಲ. ಅದರ ತಿರುಳು ಇಷ್ಟಿದ್ದರೆ ಸಾಕು:

“ಮಾನ್ಯರೇ, 2022-23ರ ಕರನಿರ್ಧಾರಣಾ ವರ್ಷಕ್ಕೆ ಸಂಬಂಧಿಸಿ 31-3-2024ರಂದು ನನಗೆ ತಲುಪಿದ 4,20,000 ರೂಪಾಯಿಗಳ ಬೇಡಿಕೆಯನ್ನು ನಾನು ಒಪ್ಪಿದ್ದೇನೆ. ಇದರಲ್ಲಿ 80,000 ರೂಪಾಯಿಗಳನ್ನು ಕಟ್ಟಿದ್ದು, ಚಲನನ್ನು ಲಗತ್ತಿಸಿದೆ. ಹೊಲ ಮಾರಿದ ಹಣದ ವಿನಿಯೋಗ, ನನ್ನಲ್ಲಿ ಇಂದು ಇರುವ ನಗದು, ಠೇವಣಿ, ಬಂಗಾರ ಮತ್ತು ಉದ್ರಿಯ ವಿವರ, ಹಾಗೂ ತಿಂಗಳುವಾರು ಆದಾಯ-ವೆಚ್ಚದ ಅಂದಾಜು ಇದರೊಡನಿವೆ. ಉಳಿದ 3,40,000 ರೂಪಾಯಿಗಳನ್ನು ಲಗತ್ತಿಸಿದ ಪಟ್ಟಿಯಂತೆ ಎಂಟು ಕಂತುಗಳಲ್ಲಿ ಕಟ್ಟಲು 220(3)ನೆಯ ಕಲಮಿನಡಿ ಅನುಮತಿ ನೀಡಬೇಕೆಂದು ಕೋರುತ್ತೇನೆ. ಕಾಯಿದೆಯಂತೆ ಬೀಳುವ ಬಡ್ಡಿಯನ್ನು ಕೊಡಲು ಬದ್ಧನಾಗಿದ್ದೇನೆ.”

ಅನುಮತಿಯು ತೆರಿಗೆದಾರನ ಹಕ್ಕಲ್ಲ. ಅಧಿಕಾರಿಯ ವಿವೇಚನೆಗೆ ಬಿಟ್ಟದ್ದು. ಅವರು ಕಂತುಗಳನ್ನು ಕಡಿಮೆ ಮಾಡಬಹುದು, ನಿಬಂಧನೆ ಹಾಕಬಹುದು, ಅವಧಿಯ ನಡುವೆ ಬರುವ ಬೇರೆ ವರ್ಷದ ಮರುಪಾವತಿಯನ್ನು ಬಾಕಿಗೆ ಹೊಂದಿಸಿಕೊಳ್ಳಬಹುದು. ಅವರು ಬೇರೆ ಅಂಕಿ ಹೇಳಿದಾಗ ಅಲ್ಲಿಯೇ ತಲೆಯಾಡಿಸದೆ, ತಮ್ಮ ತಿಂಗಳುವಾರು ಪಟ್ಟಿಯನ್ನು ಮುಂದಿಟ್ಟು ಯಾವ ತಿಂಗಳಿನಲ್ಲಿ ಹಣ ಸಾಲದು ಎಂಬುದನ್ನು ತೋರಿಸಬೇಕು. ಉತ್ತರ ಬಾರದಿರುವುದನ್ನು ಒಪ್ಪಿಗೆಯೆಂದು ತಿಳಿಯಬಾರದು. ಲಿಖಿತ ಆದೇಶ ಸಿಗುವವರೆಗೆ ವಿಚಾರಿಸುತ್ತಿರಬೇಕು. ಆ ನಡುವೆ ತಾವು ಸೂಚಿಸಿದ ಕಂತನ್ನು ತಪ್ಪದೆ ಕಟ್ಟುತ್ತಲೂ ಇರಬೇಕು.

ಕಟ್ಟುವಾಗಲೂ ಒಂದು ಎಡವಟ್ಟು ಸಾಮಾನ್ಯ. ಜಾಲತಾಣದಲ್ಲಿ ಹಣ ಕಟ್ಟುವ ಪುಟದಲ್ಲಿ Demand Payment as Regular Assessment Tax ಎಂಬ 400ರ ಶೀರ್ಷಿಕೆಯನ್ನೇ ಆರಿಸಿ, ಬೇಡಿಕೆಯ ಉಲ್ಲೇಖ ಸಂಖ್ಯೆಗೆ ಹೊಂದಿಸಬೇಕು. ಮುಂಗಡ ತೆರಿಗೆಯ ಇಲ್ಲವೆ ಸ್ವಯಂ ನಿರ್ಧಾರಣೆಯ ಶೀರ್ಷಿಕೆಯಲ್ಲಿ ಕಟ್ಟಿದರೆ ಹಣ ಇಲಾಖೆಗೆ ಸೇರಿದರೂ ಬೇಡಿಕೆ ಹಾಗೆಯೇ ನಿಂತಿರುತ್ತದೆ; ಕಂತು ತಪ್ಪಿದಂತೆಯೇ ಲೆಕ್ಕವಾಗುತ್ತದೆ. ಪ್ರತಿ ಕಂತಿನ ನಂತರ ವಾರದೊಳಗೆ ಬಾಕಿಯ ಅಂಕಿ ಇಳಿದಿದೆಯೇ ಎಂದು ಅದೇ ಜಾಲತಾಣದಲ್ಲಿ ನೋಡಿಕೊಳ್ಳಬೇಕು. ಇಳಿದಿಲ್ಲವಾದರೆ ಚಲನಿನ ನಕಲಿನೊಡನೆ ಅಧಿಕಾರಿಗೆ ಬರೆದು ಸರಿಪಡಿಸಿಕೊಳ್ಳಬೇಕು. ಡಿಸೆಂಬರಿನ ಕಂತು ಮುಗಿದ ಮೇಲೆ ಬಡ್ಡಿಯ ಲೆಕ್ಕವನ್ನು ಕೇಳಿ ಪಡೆದು, ಅದನ್ನೂ ಕಟ್ಟಿ, ಬಾಕಿ ಸೊನ್ನೆಯೆಂದು ತೋರಿಸುವ ಪುಟದ ನಕಲನ್ನು ತೆಗೆದಿಡಬೇಕು. ಆ ಒಂದು ಹಾಳೆ, ಕಂತಿನ ಆದೇಶ ಮತ್ತು ಒಂಬತ್ತು ಚಲನುಗಳು ಬಡ್ಡಿಯ ಚಲನಿನೊಡನೆ ಮನೆಯ ಕಾಗದಪತ್ರಗಳಲ್ಲಿ ಒಂದೇ ಕಡತದಲ್ಲಿರಲಿ.